ಗುರುವಾರ ಪೂಜೆಯಾಗುತ್ತಿದ್ದ ಪಟದಲ್ಲಿ ಇರುವವರು ಯಾರು?

ಮಲೆನಾಡಿನ ಒಂದು ಹಳೇ ಮನೆ. ದೇವರ ಕೋಣೆಯಲ್ಲಿ ಮರದ ಕಟ್ಟು ಹಾಕಿಸಿದ ಒಂದು ಪಟ, ಒಂದಡಿಗಿಂತ ಸ್ವಲ್ಪ ಎತ್ತರ. ಅದರೊಳಗೆ ಕಾವಿ ಹೊದ್ದ ಒಬ್ಬ ಯತಿಗಳು ಕೂತಿದ್ದಾರೆ. ಕೊರಳಲ್ಲಿ ಮಣಿಸರ, ಪಕ್ಕದಲ್ಲಿ ದಂಡ, ಕೆಳಗೆ ಹುಲಿ ಚರ್ಮ. ಹೆಸರು ಎಲ್ಲೂ ಇಲ್ಲ. ಮನೆಯವರು ಅದನ್ನು ರಾಯರ ಪಟ ಅಂತಲೇ ಕರೆಯುತ್ತಿದ್ದರು, ಗುರುವಾರ ಗುರುವಾರ ವಿಶೇಷ ಪೂಜೆಯೂ ಆಗುತ್ತಿತ್ತು. ಮನೆಯ ಹುಡುಗನಿಗೆ ಅನುಮಾನ ಬಂತು. ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳ ಪಟ ಅಂದರೆ ಹಿಂದೆ ಬೃಂದಾವನ ಇರುತ್ತೆ ಅಲ್ವಾ, ಇದರಲ್ಲಿ ಅದು ಯಾಕಿಲ್ಲ ಅಂತ. ಅವನ ತಾಯಿ ನನ್ನನ್ನು ಕರೆಸಿ ಹೇಳಿದ್ದು ಇಷ್ಟೇ: "ನಮ್ಮತ್ತೆ ಕಾಲದಿಂದ ಇದು ರಾಯರ ಪಟ. ಈಗ ಇವನು ಅಲ್ಲ ಅಂತಾನೆ. ನೀವೇ ಒಂದು ಸಲ ನೋಡಿ ಹೇಳಿ ಮಾರಾಯ್ರೆ."

ಇಂಥ ಪಟ ಕೈಗೆ ಬಂದಾಗ ಎಲ್ಲರೂ ಮೊದಲು ನೋಡೋದು ಮುಖ. ಮುಖ ಕೊನೆಗೆ ನೋಡಬೇಕಾದ್ದು. ಗಡ್ಡ ಬಿಟ್ಟು ತಲೆ ಮೇಲೆ ಬಟ್ಟೆ ಹೊದ್ದ ಹತ್ತು ಯತಿಗಳ ಮುಖ ಮಂಕಾದ ಪಟದಲ್ಲಿ ಒಂದೇ ಥರ ಕಾಣುತ್ತದೆ, ಅಲ್ಲಿ ಶುರು ಮಾಡಿದರೆ ನಮ್ಮ ಮನಸ್ಸಲ್ಲಿ ಮೊದಲೇ ಇರುವ ಹೆಸರೇ ಕಣ್ಣಿಗೂ ಕಾಣಿಸುತ್ತದೆ. ಮೊದಲು ಕೇಳಬೇಕಾದ ಪ್ರಶ್ನೆ, ಇದು ಫೋಟೋನಾ, ಬರೆದ ಚಿತ್ರಾನಾ, ಅಚ್ಚಾದ ಪಟಾನಾ ಅನ್ನೋದು.

ನೋಡಲಿಕ್ಕೆ ಇದು ಬರೆದ ಚಿತ್ರದ ಹಾಗೇ ಇತ್ತು. ಬಟ್ಟೆಗೆ ಗಟ್ಟಿ ಕಾವಿ ಬಣ್ಣ, ಹುಲಿ ಚರ್ಮಕ್ಕೆ ಹಳದಿ ಮತ್ತು ಕಪ್ಪು, ಹಿನ್ನೆಲೆಗೆ ತಿಳಿ ಹಸಿರು. ಆದರೆ ಭೂತಗನ್ನಡಿ ಹಿಡಿದಾಗ ವಿಷಯ ಬೇರೆಯಾಯಿತು. ಅಚ್ಚಾದ ಪಟ ಆಗಿದ್ದರೆ ಭೂತಗನ್ನಡಿಯಲ್ಲಿ ಚುಕ್ಕಿಗಳು ಕಾಣಬೇಕು. ಫೋಟೋದಿಂದ ಮಾಡಿದ ಬ್ಲಾಕಿನ ಅಚ್ಚಾದರೆ ಸಾಲಾಗಿ, ಹಳೇ ಕಲ್ಲಚ್ಚಿನ ಬಣ್ಣದ ಪಟವಾದರೆ ಅಡ್ಡಾದಿಡ್ಡಿಯಾಗಿ. ಇಲ್ಲಿ ಚುಕ್ಕಿಯೇ ಇರಲಿಲ್ಲ. ಕೆನ್ನೆ, ಕಣ್ಣಿನ ಕೆಳಗಿನ ನೆರಳು, ಬೆರಳಿನ ಗಿಣ್ಣು, ಎಲ್ಲವೂ ಬೂದು ಬಣ್ಣದಲ್ಲಿ ನಯವಾಗಿ ಒಂದರೊಳಗೊಂದು ಕರಗಿದ್ದವು. ಬಟ್ಟೆಯ ಮೇಲೆ ಮಾತ್ರ ಕುಂಚದ ಗೆರೆ ಇತ್ತು. ಅಂದರೆ ಇದು ಕಪ್ಪು ಬಿಳುಪಿನ ಫೋಟೋ, ಅದರ ಮೇಲೆ ಕೈಯಿಂದ ಬಣ್ಣ ಹಚ್ಚಿದ್ದಾರೆ. ಆ ಕಾಲದ ಸ್ಟುಡಿಯೋಗಳಲ್ಲಿ ಇದು ಮಾಮೂಲಿ ಕೆಲಸ. ಪಟದ ಅಂಚಿನ ಕಪ್ಪು ಭಾಗವನ್ನು ಓರೆಯಾಗಿ ನೋಡಿದಾಗ ನೀಲಿ ಕಲೆತ ಬೆಳ್ಳಿಯಂಥ ಹೊಳಪು ಕಂಡಿತು. ಜೆಲಟಿನ್ ಪದರದೊಳಗಿನ ಬೆಳ್ಳಿ ವರ್ಷ ಕಳೆದ ಹಾಗೆ ಮೇಲಕ್ಕೆ ಬಂದಾಗ ಹೀಗಾಗುತ್ತದೆ.

ಅಲ್ಲಿಗೇ ಒಂದು ದೊಡ್ಡ ಪ್ರಶ್ನೆ ಮುಗಿಯಿತು. ರಾಘವೇಂದ್ರ ಸ್ವಾಮಿಗಳು ಬೃಂದಾವನಸ್ಥರಾದದ್ದು 1671ರಲ್ಲಿ. ಫೋಟೋ ತೆಗೆಯುವ ವಿದ್ಯೆ ಜನರ ಕೈಗೆ ಬಂದದ್ದು 1839ರಲ್ಲಿ. ಇದು ಫೋಟೋ ಅಂತಾದ ಮೇಲೆ ರಾಯರಾಗಿರಲು ಸಾಧ್ಯವೇ ಇಲ್ಲ. ಬಸವಣ್ಣ, ಶಂಕರರು, ಮಧ್ವರು, ವಿದ್ಯಾರಣ್ಯರು, ಇವರ್ಯಾರ ಪಟ ನೋಡಿದರೂ ಅದು ಚಿತ್ರಕಾರ ಕಲ್ಪಿಸಿ ಬರೆದದ್ದೇ. ಅಲ್ಲಿ ಯಾರೆಂದು ತಿಳಿಯಲು ಗುರುತುಗಳೇ ಗತಿ. ಫೋಟೋ ಆದರೆ ಗುರುತಿನ ಜೊತೆ ಕಾಲವೂ ಸಾಕ್ಷಿ ಹೇಳುತ್ತದೆ.

ರಾಯರಲ್ಲ ಸರಿ, ಹಾಗಾದರೆ ಮತ್ಯಾರು?

ಮನೆಯವರು ರಾಯರು ಅಂದುಕೊಂಡಿದ್ದಕ್ಕೆ ಒಂದು ಕಾರಣ ಇತ್ತು. ಹಣೆಯ ಮೇಲೆ ಮೇಲಿಂದ ಕೆಳಕ್ಕೆ ಒಂದು ಗೆರೆ, ಅದರ ಬುಡದಲ್ಲಿ ಒಂದು ಬೊಟ್ಟು ಕಾಣುತ್ತಿತ್ತು. ಮಾಧ್ವ ಯತಿಗಳು ಗೋಪೀಚಂದನದ ಊರ್ಧ್ವಪುಂಡ್ರ ಹಚ್ಚಿ, ನಡುವೆ ಅಂಗಾರದ ಕಪ್ಪು ಗೆರೆ ಎಳೆದು, ಕೆಳಗೆ ಅಕ್ಷತೆ ಇಡುತ್ತಾರೆ. ದೂರದಿಂದ ಇದೂ ಹಾಗೇ ಕಾಣುತ್ತಿತ್ತು. ಆದರೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ನೋಡಿದಾಗ ಆ ಗೆರೆಗೆ ನೆರಳು ಬಿತ್ತು. ಫೋಟೋದೊಳಗಿನ ಗೆರೆಗೆ ನೆರಳೆಲ್ಲಿಂದ ಬರಬೇಕು? ಅದು ಗಾಜಿನ ಮೇಲಿತ್ತು. ನಾವೆಲ್ಲ ಪಟಕ್ಕೆ ಗಂಧ, ಕುಂಕುಮ ಹಚ್ಚುವುದು ಗಾಜಿನ ಮೇಲೇ ತಾನೆ. ಅದೂ ಪ್ರತಿ ವಾರ, ಅದೇ ಜಾಗಕ್ಕೆ, ಹಣೆಯ ಮೇಲೆ. ಎರಡು ತಲೆಮಾರಿನ ಗಂಧ ಪದರ ಪದರವಾಗಿ ಒಣಗಿ, ಉದ್ದಕ್ಕೆ ನಾಮದ ಹಾಗೆ ಕೂತಿತ್ತು. ಭಕ್ತಿಯಿಂದ ಹಚ್ಚಿದ ಗಂಧವೇ ಪಟದೊಳಗಿನವರಿಗೆ ಬೇರೆ ಸಂಪ್ರದಾಯ ಕೊಟ್ಟುಬಿಟ್ಟಿತ್ತು.

ಇಲ್ಲಿ ಆತುರ ಬೇಡ. ಪೂಜೆಯಲ್ಲಿರುವ ಪಟದ ಗಂಧ ಒರೆಸುವ ಮೊದಲು ಮನೆಯವರನ್ನು ಕೇಳಲೇಬೇಕು. ಎರಡನೆಯದಾಗಿ, ಗಾಜು ಬಿಚ್ಚಲು ಹೋಗಬಾರದು. ಮಲೆನಾಡಿನ ಥಂಡಿಗೆ ಜೆಲಟಿನ್ ಮೆತ್ತಗಾಗಿ ಗಾಜಿಗೆ ಅಂಟಿರುತ್ತದೆ, ಎಳೆದರೆ ಮುಖವೇ ಗಾಜಿನ ಜೊತೆ ಎದ್ದು ಬರುತ್ತದೆ. ಈ ಪಟದಲ್ಲೂ ಕೆಳಗಿನ ಎಡ ಮೂಲೆಯಲ್ಲಿ ಒದ್ದೆಯಾದ ಹಾಗೆ ಒಂದು ಹೊಳೆಯುವ ಮಚ್ಚೆ ಇತ್ತು, ಅಲ್ಲಿ ಅಂಟಿಕೊಂಡಿದೆ ಅಂತ ಅರ್ಥ. ಹಾಗಾಗಿ ಗಾಜನ್ನಾಗಲಿ ಹಿಂದಿನ ರಟ್ಟನ್ನಾಗಲಿ ಬಿಚ್ಚದೆ, ಹತ್ತಿಯನ್ನು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಗಾಜಿನ ಹೊರಮೈಯನ್ನಷ್ಟೇ ನಡುವಿನಿಂದ ಸ್ವಲ್ಪ ಸ್ವಲ್ಪವಾಗಿ ಒರೆಸಿದೆವು. ನೀರು ಚಿಮುಕಿಸಿದರೆ ಅದು ಕಟ್ಟಿನ ಸಂದಿಗೆ ಇಳಿದು ಫೋಟೋಗೆ ತಾಗುತ್ತದೆ.

ಗಂಧ ಹೋದ ಮೇಲೆ ಹಣೆ ಕಂಡಿತು. ಮೂರು ಅಡ್ಡ ಗೆರೆ. ತಿಳಿ ಬೂದು ಬಣ್ಣ, ಎರಡು ತುದಿಯಲ್ಲೂ ಚರ್ಮದೊಳಗೆ ಕರಗಿದ ಹಾಗೆ. ನಡುವೆ ಒಂದು ಕಪ್ಪು ಬೊಟ್ಟು.

ವಿಭೂತಿ. ಈ ಒಂದು ಗುರುತು ಅರ್ಧ ಕೆಲಸ ಮುಗಿಸುತ್ತದೆ, ಯಾಕೆಂದರೆ ಇದರಲ್ಲಿ ರಾಜಿ ಇಲ್ಲ. ಮಾಧ್ವ ಯತಿಗಳಾಗಲಿ ಶ್ರೀವೈಷ್ಣವ ಜೀಯರ್‌ಗಳಾಗಲಿ ಹಣೆಗೆ ಅಡ್ಡ ವಿಭೂತಿ ಹಚ್ಚುವುದಿಲ್ಲ. ಕಾವಿ ಎಲ್ಲರದ್ದೂ ಹೌದು, ಹುಲಿ ಚರ್ಮ ಎಲ್ಲರ ಕೆಳಗೂ ಇರಬಹುದು, ಪದ್ಮಾಸನ ಯಾರು ಬೇಕಾದರೂ ಹಾಕಬಹುದು. ಎಲ್ಲರಲ್ಲೂ ಇರುವ ಗುರುತು ಯಾರನ್ನೂ ಗುರುತಿಸಿಕೊಡುವುದಿಲ್ಲ. ಒಬ್ಬರು ಇಡುವ, ಇನ್ನೊಬ್ಬರು ಇಡಲೇಬಾರದ ಗುರುತು ಯಾವುದೋ ಅದನ್ನು ಹಿಡಿಯಬೇಕು.

ಇನ್ನು ಆ ಕಪ್ಪು ಬೊಟ್ಟು. ಹುಡುಗ ಪಟ್ಟು ಬಿಡಲಿಲ್ಲ. ಕಪ್ಪಗಿದೆಯಲ್ಲ, ಅದು ಅಂಗಾರವೇ ಯಾಕಾಗಿರಬಾರದು ಅಂದ. ಒಳ್ಳೇ ಪ್ರಶ್ನೆ. ಹಳೇ ಕಾಲದ ಫೋಟೋ ಪ್ಲೇಟುಗಳಿಗೆ ಕೆಂಪು ಬೆಳಕು ಹತ್ತುತ್ತಿರಲಿಲ್ಲ, ಅವು ನೀಲಿಯನ್ನಷ್ಟೇ ಚೆನ್ನಾಗಿ ಹಿಡಿಯುತ್ತಿದ್ದವು. ಹಾಗಾಗಿ ಕುಂಕುಮ ಅದರಲ್ಲಿ ಕಪ್ಪಗೆ ಬರುತ್ತದೆ, ಕಾವಿ ಬಟ್ಟೆಯೂ ಗಾಢ ಬೂದಾಗಿ ಕಾಣುತ್ತದೆ. ಕಪ್ಪು ಬಿಳುಪಿನ ಹಳೇ ಫೋಟೋದಲ್ಲಿ ಕಪ್ಪು ಬೊಟ್ಟು ಕಂಡರೆ ಅದು ಕುಂಕುಮವೂ ಆಗಬಹುದು, ಅಂಗಾರವೂ ಆಗಬಹುದು, ಬಣ್ಣದಿಂದ ತೀರ್ಮಾನ ಮಾಡುವ ಹಾಗಿಲ್ಲ. ಆಕಾರ ಮತ್ತು ಜಾಗ ನೋಡಬೇಕು. ಅಂಗಾರ ಉದ್ದ ಗೆರೆಯಾಗಿರುತ್ತದೆ. ಇದು ದುಂಡಗಿತ್ತು, ವಿಭೂತಿಯ ನಡುಪಟ್ಟಿಯ ಮೇಲೇ ಇತ್ತು. ವಿಭೂತಿ ಮೇಲಿನ ಕುಂಕುಮ ಅಂತ ಬರೆದುಕೊಂಡೆ. ಕುಂಚ ಹಿಡಿದವನು ಬಟ್ಟೆಗೆ ಹಚ್ಚಿದ ಕಾವಿಯನ್ನಂತೂ ಸಾಕ್ಷಿ ಅಂತ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅವನು ಯತಿಗಳನ್ನು ಕಣ್ಣಾರೆ ನೋಡಿದ್ದನೋ ಇಲ್ಲವೋ, ಯಾರಿಗೆ ಗೊತ್ತು.

ಮಣಿಸರದಲ್ಲೂ ಇದೇ ಗೊಂದಲ. ಬಣ್ಣ ಹಚ್ಚಿದವನು ಎಲ್ಲ ಮಣಿಗೂ ಒಂದೇ ಕಂದು ಬಳಿದಿದ್ದ. ಹಾಗಾಗಿ ಬಣ್ಣ ಬಿಟ್ಟು ಮೈ ನೋಡಬೇಕು. ತುಳಸಿ ಮಣಿ ಚಿಕ್ಕದು, ಕಡೆದು ಮಾಡಿದ್ದು, ಸಮನಾಗಿ ನಯವಾಗಿರುತ್ತದೆ. ಸ್ಫಟಿಕವಾದರೆ ಪ್ರತಿ ಮಣಿಯಲ್ಲೂ ಬೆಳಕಿನ ಒಂದು ಚೂಪು ಚುಕ್ಕಿ ಹೊಳೆಯುತ್ತದೆ. ರುದ್ರಾಕ್ಷಿ ಮೈಯೆಲ್ಲ ಒರಟು, ಮೇಲಿಂದ ಕೆಳಕ್ಕೆ ಮುಖಗಳನ್ನು ಬೇರೆ ಮಾಡುವ ಗೀರು, ಒಂದು ಮಣಿಯ ಹಾಗೆ ಇನ್ನೊಂದಿಲ್ಲ. ತಲೆ ಕೆಡಿಸೋದು ಪದ್ಮಾಕ್ಷಿ, ಅಂದರೆ ತಾವರೆ ಬೀಜದ ಮಣಿ. ವೈಷ್ಣವರು ತುಳಸಿಯ ಜೊತೆ ಅದನ್ನೂ ಹಾಕುತ್ತಾರೆ. ಕಪ್ಪಗೆ ದಪ್ಪಗೆ ಇರುವುದರಿಂದ ದೂರಕ್ಕೆ ರುದ್ರಾಕ್ಷಿ ಅಂತಲೇ ಅನಿಸುತ್ತದೆ, ಆದರೆ ಹತ್ತಿರದಲ್ಲಿ ಅದರ ಮೈ ನಯ, ಆಕಾರ ಮೊಟ್ಟೆಯ ಹಾಗೆ. ಈ ಪಟದಲ್ಲಿ ಎದೆಯ ನಡುವಿನ ಮಣಿಗಳ ಅಂಚು ಗರಗಸದ ಹಲ್ಲಿನಂತೆ ಏರುಪೇರಾಗಿತ್ತು, ಒಂದೆರಡು ಮಣಿಯಲ್ಲಿ ಗೀರೂ ಕಂಡಿತು. ರುದ್ರಾಕ್ಷಿಯೇ. ವಿಭೂತಿ ಹೇಳಿದ್ದನ್ನೇ ಮಣಿಯೂ ಹೇಳಿತು.

ಈಗ ಪಕ್ಕದ ಮನೆಯ ಹಿರಿಯರೊಬ್ಬರು ಬಾಯಿ ಹಾಕಿದರು. ವಿಭೂತಿ, ರುದ್ರಾಕ್ಷಿ, ಕಾವಿ ಮೂರೂ ಇದ್ದರೆ ವೀರಶೈವ ಮಠದ ಸ್ವಾಮಿಗಳೇ ಇರಬೇಕು ಅಂದರು. ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಆ ಮೂರೂ ಅಲ್ಲೂ ಇರುತ್ತವೆ. ಆದರೆ ಅಲ್ಲಿ ಇಷ್ಟಲಿಂಗ ಇರಬೇಕು. ಕೊರಳಿಂದ ಎದೆ ಮೇಲೆ ಇಳಿಬಿದ್ದ ಶಿವದಾರ, ಅದರ ತುದಿಯಲ್ಲಿ ಬೆಳ್ಳಿಯ ಕರಡಿಗೆ ಅಥವಾ ಬಟ್ಟೆಯಲ್ಲಿ ಕಟ್ಟಿದ ಲಿಂಗ. ಕೆಲವು ಪಟಗಳಲ್ಲಿ ಎಡ ಅಂಗೈ ಮೇಲೆ ಲಿಂಗ ಹಿಡಿದೇ ಕೂತಿರುತ್ತಾರೆ. ಇಲ್ಲಿ ಎದೆ ಬರಿದಾಗಿತ್ತು, ಹೊದ್ದ ಬಟ್ಟೆ ಎರಡೂ ಕಡೆ ಸರಿದಿತ್ತು, ಕೊರಳಲ್ಲಿ ಮಣಿ ಬಿಟ್ಟರೆ ದಾರ ಕಾಣಲಿಲ್ಲ. ಎದೆ ಪೂರ್ತಿ ಮುಚ್ಚಿದ್ದರೆ ನಾನು ಈ ಮಾತು ಹೇಳುತ್ತಿರಲಿಲ್ಲ, ಯಾಕೆಂದರೆ ಲಿಂಗ ಬಟ್ಟೆಯೊಳಗೆ ಇರಬಹುದು. ಕಾಣದೇ ಇರುವುದು ಬೇರೆ, ಇಲ್ಲದೇ ಇರುವುದು ಬೇರೆ. ಇಲ್ಲಿ ಎದೆ ತೆರೆದಿದ್ದರಿಂದ ಇಲ್ಲ ಅನ್ನಬಹುದಾಯಿತು.

ಅದೇ ತೆರೆದ ಎದೆಯಲ್ಲಿ ಜನಿವಾರವೂ ಇರಲಿಲ್ಲ. ಪಕ್ಕದಲ್ಲಿ ಬಲಗೈ ಹತ್ತಿರ ಇದ್ದದ್ದು ಒಂದೇ ದಂಡ, ಮೇಲ್ತುದಿಯ ಬಳಿ ಬಟ್ಟೆ ಸುತ್ತಿತ್ತು. ಶ್ರೀವೈಷ್ಣವ ಯತಿಗಳದ್ದು ತ್ರಿದಂಡ, ಮೂರು ಕೋಲು ಸೇರಿಸಿ ಕಟ್ಟಿದ್ದು, ಅವರು ಶಿಖೆ ಜನಿವಾರ ಬಿಡುವುದಿಲ್ಲ. ಅದ್ವೈತಿಗಳೂ ಮಾಧ್ವರೂ ಏಕದಂಡಿಗಳು. ಹಾಗಾಗಿ ದಂಡ ಒಂದನ್ನೇ ನೋಡಿದ್ದರೆ ಅವೆರಡರ ನಡುವೆ ಸಿಕ್ಕಿಹಾಕಿಕೊಳ್ಳುತ್ತಿದ್ದೆವು. ತೋಳಿನ ಮೇಲೆ ಶಂಖ ಚಕ್ರದ ಮುದ್ರೆ ಇದೆಯಾ ಅಂತಲೂ ನೋಡಿದೆ, ಇರಲಿಲ್ಲ. ಆ ಮುದ್ರೆ ಇದ್ದ ಪಟವಾದರೆ ಅದರಿಂದ ಇನ್ನೊಂದು ಉಪಯೋಗವೂ ಇದೆ. ಬಲತೋಳಿಗೆ ಚಕ್ರ, ಎಡಕ್ಕೆ ಶಂಖ ಇರಬೇಕು, ಅದಲು ಬದಲಾಗಿದ್ದರೆ ಫೋಟೋವನ್ನೇ ತಿರುವು ಮುರುವಾಗಿ ಅಚ್ಚು ಹಾಕಿದ್ದಾರೆ ಅಂತ ಗೊತ್ತಾಗುತ್ತದೆ.

ಕೂತ ಭಂಗಿಯ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಪದ್ಮಾಸನ, ಬಲಗೈ ಎದೆಯ ಹತ್ತಿರ ಚಿನ್ಮುದ್ರೆಯಲ್ಲಿ, ಎಡಗೈ ತೊಡೆ ಮೇಲೆ. ಚಿನ್ಮುದ್ರೆ ಪಾಠ ಹೇಳುವ ಗುರುವಿನ ಕೈ. ಇವರು ಗುರುಸ್ಥಾನದಲ್ಲಿ ಇದ್ದವರು ಅನ್ನಬಹುದು, ಅಷ್ಟೇ. ಕೆಲವರು ಹುಲಿ ಚರ್ಮ ಕಂಡ ಕೂಡಲೇ ಅವಧೂತರು, ಸಿದ್ಧರು ಅಂತ ಶುರು ಮಾಡುತ್ತಾರೆ. ಫೋಟೋ ತೆಗೆಯುವಾಗ ಯಾರೋ ಹಾಸಿದ ಚರ್ಮ ಅದು. ಅದರ ಮೇಲೆ ಏನನ್ನೂ ಕಟ್ಟಬಾರದು. ಗಡ್ಡವೂ ಹಾಗೆಯೇ. ಈ ಯತಿಗಳು ದಿನಾ ಕ್ಷೌರ ಮಾಡಿಸಿಕೊಳ್ಳುವವರಲ್ಲ, ಅದಕ್ಕೆ ಗೊತ್ತಾದ ಹುಣ್ಣಿಮೆಗಳಿವೆ, ಚಾತುರ್ಮಾಸ್ಯದಲ್ಲಿ ಅದೂ ಇಲ್ಲ. ಒಬ್ಬರದೇ ಎರಡು ಫೋಟೋದಲ್ಲಿ ಒಂದರಲ್ಲಿ ಬೋಳು ಮುಖ, ಇನ್ನೊಂದರಲ್ಲಿ ಗಡ್ಡ ಇದ್ದರೆ ಬೇರೆ ಬೇರೆ ವ್ಯಕ್ತಿ ಅಂತ ಹೇಳಲಾಗದು.

ಇಷ್ಟು ಹೊತ್ತಿಗೆ ಅದ್ವೈತ ಸಂಪ್ರದಾಯದ ಏಕದಂಡಿ ಸಂನ್ಯಾಸಿ, ಪೀಠದಲ್ಲಿದ್ದವರು ಇರಬೇಕು, ಅನ್ನುವ ತನಕ ಬಂದೆವು. ವೇಷ ಇಲ್ಲಿಂದ ಮುಂದೆ ಕರೆದುಕೊಂಡು ಹೋಗುವುದಿಲ್ಲ. ಶೃಂಗೇರಿ, ಕೂಡಲಿ, ಹರಿಹರಪುರ, ರಾಮಚಂದ್ರಾಪುರ, ಸ್ವರ್ಣವಲ್ಲಿ, ಚಿತ್ರಾಪುರ, ಆಚೆ ಕಂಚಿ, ಎಲ್ಲೆಡೆಯೂ ವೇಷ ಹೆಚ್ಚು ಕಡಿಮೆ ಇದೇ. ತಲೆ ಮೇಲೆ ಕಿರೀಟ, ಮೈಮೇಲೆ ಆಭರಣ ಇದ್ದಿದ್ದರೆ ಶೃಂಗೇರಿಯ ನವರಾತ್ರಿ ದರ್ಬಾರು ನೆನಪಾಗುತ್ತಿತ್ತು, ಇಲ್ಲಿ ಅಂಥದ್ದೇನೂ ಇಲ್ಲ. ಬಹಳ ಜನ ಇಲ್ಲಿಯೇ ಜಾರುತ್ತಾರೆ. ಸಂಪ್ರದಾಯ ಗೊತ್ತಾದ ಕೂಡಲೇ ಅದರಲ್ಲಿ ಎಲ್ಲರಿಗಿಂತ ಹೆಸರಾದ ಗುರುಗಳ ಹೆಸರನ್ನು ಹೇಳಿಬಿಡುತ್ತಾರೆ. ವಿಭೂತಿ, ದಂಡ, ಮೆಲ್ಲಗಿನ ನಗು ಕಂಡರೆ ಸಾಕು, ಕಂಚಿಯ ಚಂದ್ರಶೇಖರೇಂದ್ರ ಸರಸ್ವತಿಗಳು ಅಂತ. 1894ರಿಂದ 1994ರವರೆಗೆ ಬಾಳಿದ ಅವರ ಫೋಟೋಗಳು ಸಾವಿರಾರು ಇರುವುದರಿಂದ ಅವರೇ ಮೊದಲು ನೆನಪಿಗೆ ಬರುತ್ತಾರೆ, ಅಷ್ಟೇ.

ಪಟದೊಳಗೆ ಸಿಗದ್ದನ್ನು ಮನೆಯಲ್ಲಿ ಹುಡುಕಬೇಕು. ಈ ಪಟ ಮನೆಗೆ ಹೇಗೆ ಬಂತು ಅಂತ ಕೇಳಿದೆ. ಅತ್ತೆಯವರು ಮದುವೆಯಾಗಿ ಬರುವಾಗ ತೌರಿಂದ ತಂದದ್ದಂತೆ. ತೌರು ಎಲ್ಲಿ? ತುಂಗಾ ತೀರದ ಒಂದು ಹಳ್ಳಿ. ಅವರ ಮಠ ಯಾವುದು? ಶೃಂಗೇರಿ. ಅತ್ತೆ ಇವರನ್ನು ಏನಂತ ಕರೆಯುತ್ತಿದ್ದರು? ಬರೀ "ಗುರುಗಳು" ಅಂತ. ಗುರುವಾರದ ಪೂಜೆ ಶುರುವಾದದ್ದು ಆಮೇಲೆ, ಮನೆಗೆ ಬಂದ ನೆಂಟರೊಬ್ಬರು ಮಂತ್ರಾಲಯಕ್ಕೆ ನಡೆದುಕೊಳ್ಳುವವರು, ಗುರುಗಳು ಅಂದರೆ ರಾಯರೇ ಅಲ್ವಾ ಅಂದರಂತೆ, ಹಾಗೇ ಉಳಿಯಿತು. ಮನೆಯವರ ಮಾತಲ್ಲಿ ಹೆಸರು ತಪ್ಪಬಹುದು, ಪಟ ಬಂದ ದಾರಿ ಸಾಮಾನ್ಯವಾಗಿ ತಪ್ಪುವುದಿಲ್ಲ.

ಪಟದ ಹಿಂದೆ ರಟ್ಟಿನ ಸಂದಿಯಲ್ಲಿ ಹಳೇ ಪತ್ರಿಕೆಯ ಒಂದು ತುಂಡು ಕಾಣುತ್ತಿತ್ತು, ಅದರ ಮೇಲೆ 1936 ಅಂತ ಓದಲಿಕ್ಕಾಯಿತು. ಇದು ಕಟ್ಟು ಹಾಕಿಸಿದ ಕಾಲ ಹೇಳುತ್ತದೆಯೇ ಹೊರತು ಫೋಟೋ ತೆಗೆದ ಕಾಲವನ್ನಲ್ಲ. ಫೋಟೋ ಕಟ್ಟಿಗಿಂತ ಹಳೆಯದೇ ಇರುತ್ತದೆ, ಹೊಸದಾಗಿರಲಾರದು. ಒಂದು ಎಚ್ಚರಿಕೆ ಮಾತ್ರ ಇರಲಿ, ಕಟ್ಟು ಹಾಕುವವರು ರದ್ದಿಯಲ್ಲಿ ಸಿಕ್ಕ ಹಳೇ ಕಾಗದವನ್ನೂ ತುರುಕಿರುತ್ತಾರೆ, ಹಾಗಾಗಿ ಕಟ್ಟು 1936ರ ನಂತರದ್ದೂ ಆಗಿರಬಹುದು.

ಆ ಕಾಲಕ್ಕೆ ಹೊಂದುವ ಶೃಂಗೇರಿ ಗುರುಗಳು ಇಬ್ಬರು. ಒಬ್ಬರು ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತಿಗಳು, 1858ರಲ್ಲಿ ಹುಟ್ಟಿ 1879ರಿಂದ 1912ರವರೆಗೆ ಪೀಠದಲ್ಲಿದ್ದವರು. ಇನ್ನೊಬ್ಬರು ಅವರ ಶಿಷ್ಯ ಚಂದ್ರಶೇಖರ ಭಾರತಿಗಳು, 1892ರಲ್ಲಿ ಹುಟ್ಟಿದವರು, 1912ರಿಂದ 1954ರವರೆಗೆ ಪೀಠದಲ್ಲಿದ್ದರು. ಪಟದಲ್ಲಿರುವವರಿಗೆ ಮೂವತ್ತರ ಆಸುಪಾಸು ವಯಸ್ಸು, ಗಡ್ಡದಲ್ಲಿ ಬಿಳಿ ಕೂದಲಿಲ್ಲ, ಕೆನ್ನೆ ಒಳಕ್ಕೆ ಹೋಗಿದೆ. ಹಿರಿಯರಾದರೆ ಫೋಟೋ 1890ರ ಸುಮಾರಿನದು, ಶಿಷ್ಯರಾದರೆ 1920ರ ಸುಮಾರಿನದು. ಎರಡನೆಯದು ಹೆಚ್ಚು ಹೊಂದುತ್ತದೆ, ಆದರೆ ಹಳೇ ಪ್ಲೇಟಿನಿಂದ ಎಷ್ಟೋ ವರ್ಷದ ಮೇಲೆ ಹೊಸ ಪ್ರತಿ ತೆಗೆಯುವುದೂ ಇದ್ದದ್ದೇ, ಹಾಗಾಗಿ ಕಾಗದ ನೋಡಿ ಹಿರಿಯರನ್ನು ಪೂರ್ತಿ ಬಿಟ್ಟುಬಿಡುವ ಹಾಗಿರಲಿಲ್ಲ.

ಇಂಥ ಜಾಗದಲ್ಲಿ ಮುಖ ಮುಖ ಹೋಲಿಸುವುದಕ್ಕಿಂತ ಗಟ್ಟಿ ದಾರಿ ಒಂದಿದೆ. ಗುರುಗಳ ಫೋಟೋಗಳು ಮನೆ ಮನೆಗೆ ಹಂಚಿಕೆಯಾದವು, ಒಂದೇ ಪ್ಲೇಟಿನ ಪ್ರತಿಗಳು ಬೇರೆ ಬೇರೆ ಮನೆಯಲ್ಲಿ ಇರುತ್ತವೆ. ಅದೇ ಫೋಟೋದ ಹೆಸರಿರುವ ಪ್ರತಿ ಹುಡುಕಬೇಕು. ಎಲ್ಲಿ ಹುಡುಕಬೇಕು ಅನ್ನುವುದು ಈಗ ಗೊತ್ತಿತ್ತು, ಅತ್ತೆಯ ತೌರು. ಫೋನ್ ಮಾಡಿ ಅಲ್ಲಿಯ ದೇವರ ಕೋಣೆಯ ಪಟಗಳ ಚಿತ್ರ ಕಳಿಸಲು ಹೇಳಿದೆವು. ಬಂದ ಚಿತ್ರಗಳಲ್ಲಿ ಒಂದು ಬಣ್ಣ ಹಚ್ಚದ, ಕಪ್ಪು ಬಿಳುಪಿನ, ಇದೇ ಭಂಗಿಯ ಪಟ. ಅದರ ಕೆಳಗೆ ಬಿಳಿ ಪಟ್ಟಿಯಲ್ಲಿ ಅಚ್ಚಾದ ಹೆಸರಿತ್ತು: ಶೃಂಗೇರಿ ಶ್ರೀ ಚಂದ್ರಶೇಖರ ಭಾರತೀ ಸ್ವಾಮಿಗಳು. ನಮ್ಮ ಪಟಕ್ಕೆ ಕಟ್ಟು ಹಾಕಿದವನು ಅಳತೆಗೆ ಕೂರಿಸಲು ಆ ಪಟ್ಟಿಯನ್ನೇ ಕತ್ತರಿಸಿದ್ದಾನೆ.

ಭಂಗಿ ಒಂದೇ ಅಂದ ಮಾತ್ರಕ್ಕೆ ಫೋಟೋ ಒಂದೇ ಅಲ್ಲ. ಅದನ್ನು ಖಚಿತ ಮಾಡಲು ಬಟ್ಟೆಯ ಮಡಿಕೆ ನೋಡಿದೆವು. ಒಬ್ಬರೇ ವ್ಯಕ್ತಿ ಅದೇ ಜಾಗದಲ್ಲಿ ಮತ್ತೆ ಕೂತರೂ ಮಡಿಕೆ ಅದೇ ರೀತಿ ಬೀಳುವುದಿಲ್ಲ. ಎಡ ಮಂಡಿಯ ಕೆಳಗೆ ಬಟ್ಟೆ ಮೂರು ಮಡಿಕೆಯಾಗಿ ಬಿದ್ದು, ನಡುವಿನದು ತುದಿಯಲ್ಲಿ ಮಗುಚಿತ್ತು. ಎರಡರಲ್ಲೂ ಹಾಗೇ ಇತ್ತು. ಮಣಿಸರದಲ್ಲಿ ಎಡಗಡೆಯ ಒಂದು ಮಣಿ ಸಾಲು ಬಿಟ್ಟು ಹೊರಕ್ಕೆ ಬಂದಿತ್ತು, ಅದೂ ಎರಡರಲ್ಲೂ ಇತ್ತು. ಬಣ್ಣವಿಲ್ಲದ ಪ್ರತಿಯಲ್ಲಿ ವಿಭೂತಿ ಇನ್ನೂ ಸ್ಪಷ್ಟವಾಗಿತ್ತು.

ಅಚ್ಚಾದ ಹೆಸರನ್ನೂ ಕಣ್ಣು ಮುಚ್ಚಿ ನಂಬಬೇಕಾಗಿಲ್ಲ, ತಪ್ಪು ಹೆಸರಿನ ಪಟಗಳೂ ಓಡಾಡುತ್ತವೆ. ಆದರೆ ಇಲ್ಲಿ ಹೆಸರು ಸಿಗುವ ಮೊದಲೇ ಗುರುತು, ಕಾಲ, ಮನೆಯ ದಾರಿ ಮೂರೂ ಅದೇ ಕಡೆ ತೋರಿಸಿದ್ದವು. ಹೆಸರು ಸಿಕ್ಕಿದ ಮೇಲೆ ಮುಖವನ್ನೂ ಹೋಲಿಸಿದೆ. ಚಂದ್ರಶೇಖರ ಭಾರತಿಗಳ ಬೇರೆ ಫೋಟೋಗಳ ಹುಬ್ಬು, ಮೂಗಿನ ತುದಿ, ತುಟಿಯ ನಡುವಿನ ಅಂತರ ಇದಕ್ಕೆ ಹೊಂದಿದವು. ಕಿವಿ ಹೋಲಿಸುವುದು ಇನ್ನೂ ಒಳ್ಳೆಯದು, ಆದರೆ ತಲೆಯ ಬಟ್ಟೆ ಕಿವಿಯನ್ನು ಮುಚ್ಚಿತ್ತು.

ಮನೆಯೊಡತಿ ಸ್ವಲ್ಪ ಹೊತ್ತು ಸುಮ್ನಿದ್ದು, "ಹಾಗಾದರೆ ಗುರುವಾರದ ಪೂಜೆ ಏನು ಮಾಡೋದು?" ಅಂತ ಕೇಳಿದರು. ಅದು ಅವರ ಮನೆಯ ಹಿರಿಯರೂ ಪುರೋಹಿತರೂ ಹೇಳಬೇಕಾದ ಮಾತು, ನಾನು ಬಾಯಿ ಹಾಕಲಿಲ್ಲ. ನನ್ನ ಪಾಲಿಗೆ ಉಳಿದದ್ದು ಒಂದು ಚೀಟಿ ಬರೆಯುವ ಕೆಲಸ. ಯಾರ ಪಟ, ಯಾವ ಗುರುತಿನಿಂದ ಹೇಳಿದ್ದು, ಹೆಸರಿನ ಪ್ರತಿ ಯಾವ ಮನೆಯಲ್ಲಿದೆ, ಫೋಟೋ ತೆಗೆದ ವರ್ಷ ಅಂದಾಜು ಮಾತ್ರ, ಇಷ್ಟನ್ನು ಪೆನ್ಸಿಲ್ಲಿನಲ್ಲಿ ಬರೆದು ಕಟ್ಟಿನ ಹಿಂದೆ ಮರಕ್ಕೆ ಅಂಟಿಸಿದೆವು. ಶಾಯಿ ಬೇಡ, ಥಂಡಿಗೆ ಹರಡುತ್ತದೆ. ಇನ್ನು ಮೇಲೆ ಗಂಧವನ್ನು ಗಾಜಿಗೆ ಹಚ್ಚುವ ಬದಲು ಕಟ್ಟಿನ ಮೇಲಂಚಿಗೆ ಹಚ್ಚಲು ಹೇಳಿದ್ದೇನೆ. ಅಂಟಿದ ಆ ಮೂಲೆಯನ್ನು ಹಳೇ ಫೋಟೋ ರಿಪೇರಿ ಗೊತ್ತಿರುವವರೇ ಬಿಡಿಸಬೇಕು, ಅಲ್ಲಿಯವರೆಗೆ ಪಟವನ್ನು ಹೊರಗೋಡೆಯಿಂದ ತೆಗೆದು ಒಳಗೋಡೆಗೆ ತೂಗುಹಾಕಿದ್ದಾರೆ.